ಹೆಸರು ಬರೆಸಿದ ಗಿಫ್ಟ್: ಸ್ಟಾರ್ ಎಣಿಸೋ ಮುಂಚೆ ಕ್ಯಾಲೆಂಡರ್ ನೋಡಿ

ಪ್ರಶ್ನೆ: ಸರ್, ಹೋದ ವರ್ಷ ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಆನ್‌ಲೈನಲ್ಲಿ ಹೆಸರು ಬರೆಸಿದ ದೀಪ ತರಿಸಿದ್ದೆ. 4.4 ಸ್ಟಾರ್ ಇತ್ತು. ಹುಟ್ಟುಹಬ್ಬ ಮುಗಿದು ಮೂರು ದಿನಕ್ಕೆ ಬಂತು. ಹೆಸರಿನ ಒತ್ತಕ್ಷರವೂ ತಪ್ಪಾಗಿತ್ತು. ಹೆಸರು ಬರೆದ ಮೇಲೆ ವಾಪಸ್ ಇಲ್ಲ ಅಂದರು. ಈಗ ಡಿಸೆಂಬರ್ 14ಕ್ಕೆ ನಮ್ಮ ಅಪ್ಪ-ಅಮ್ಮನ ಮದುವೆಯಾಗಿ 25 ವರ್ಷ. ಅವರು ಜಗಳೂರು ಹತ್ತಿರದ ಹಳ್ಳಿಯಲ್ಲಿದ್ದಾರೆ, ನಾನು ದಾವಣಗೆರೆಯಲ್ಲಿ. ಫೋಟೋ ಮತ್ತು ಕನ್ನಡ ಬರಹ ಇರುವ ಮರದ ಫ್ರೇಮ್‌ಗೆ ಎರಡು ಲಿಂಕ್ ಕಳಿಸಿದ್ದೇನೆ. ಒಂದಕ್ಕೆ 4.6 ಸ್ಟಾರ್, ಇನ್ನೊಂದಕ್ಕೆ 4.2. ನೇರವಾಗಿ ಹಳ್ಳಿಗೇ ಕಳಿಸೋಣ ಅಂತಿದ್ದೇನೆ. ಯಾವುದು ತಗೊಳ್ಳಲಿ?

– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ ಲಿಂಕ್ ತೆರೆದು ನೋಡಿದೆ. ನನ್ನನ್ನು ಕೇಳಿದರೆ ಎರಡೂ ಬೇಡ. ಹಾಗಂತ ಅವರಿಬ್ಬರೂ ಮೋಸಗಾರರು ಅಂತ ಅಲ್ಲ. ನಿಮ್ಮ ಕೆಲಸಕ್ಕೆ, ನಿಮ್ಮ ತಾರೀಖಿಗೆ ಎರಡೂ ಕೂಡಿ ಬರುವುದಿಲ್ಲ, ಅಷ್ಟೆ. ದಾವಣಗೆರೆಯಲ್ಲಿ ಹನ್ನೊಂದು ವರ್ಷ ಗಿಫ್ಟ್ ಅಂಗಡಿ ನಡೆಸಿದವನು ನಾನು. ಅದರಲ್ಲಿ ಐದು ವರ್ಷ ಆನ್‌ಲೈನಲ್ಲೂ ಮಾರಿದ್ದೇನೆ. ಹಾಗಾಗಿ ಡಬ್ಬಕ್ಕೆ ಟೇಪು ಸುತ್ತುವವನ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಮೊದಲು 4.6 ಸ್ಟಾರಿನ ಅಂಗಡಿ. ಅದು ಒಬ್ಬರ ಸ್ವಂತ ವೆಬ್‌ಸೈಟ್. ಫ್ರೇಮಿನ ಕೆಳಗೆ ದಪ್ಪ ಅಕ್ಷರದಲ್ಲಿ ‘5–7 working days’ ಅಂತ ಬರೆದಿದ್ದಾರೆ. ಏಳು ದಿನದಲ್ಲಿ ಮನೆಗೆ ಬರುತ್ತದೆ ಅಂತ ನೀವು ಓದಿಕೊಂಡಿರಬೇಕು. ಎಲ್ಲರೂ ಹಾಗೇ ಓದಿಕೊಳ್ಳುತ್ತಾರೆ. ಪುಟದ ತಳಕ್ಕೆ ಹೋಗಿ ‘Shipping Policy’ ಒತ್ತಿ ನೋಡಿ. ಆ ಏಳು ದಿನ ಮಾಲು ತಯಾರಾಗಿ ಅವರ ಅಂಗಡಿ ಬಿಡುವುದಕ್ಕೆ ಮಾತ್ರ. ಅಲ್ಲಿಂದ ಮುಂದೆ ಕೊರಿಯರ್‌ಗೆ ಇನ್ನೂ 4ರಿಂದ 7 ದಿನ. ಅದೂ ಯಾವಾಗಿಂದ ಲೆಕ್ಕ? ನೀವು ದುಡ್ಡು ಕಟ್ಟಿದ ದಿನದಿಂದ ಅಲ್ಲ. ಅವರು ಕಳಿಸುವ ಡಿಸೈನಿಗೆ ನೀವು ‘ಸರಿ ಇದೆ’ ಅಂದ ಮೇಲೆ.

ಈಗ ಕ್ಯಾಲೆಂಡರ್ ತೆಗೆದುಕೊಳ್ಳಿ. ಇವತ್ತು ನವೆಂಬರ್ 20, ಗುರುವಾರ. ಇವತ್ತೇ ಆರ್ಡರ್ ಮಾಡಿದಿರಿ ಅಂತಿಟ್ಟುಕೊಳ್ಳೋಣ. ಫೋಟೋ ಕಳಿಸಿ, ಡಿಸೈನ್ ಬಂದು, ನೀವು ಒಪ್ಪುವುದಕ್ಕೆ ಎರಡು ದಿನ. ಅಲ್ಲಿಗೆ ಶನಿವಾರ, 22. ಅವರ ಲೆಕ್ಕ ಶುರುವಾಗುವುದು ಸೋಮವಾರ, 24ಕ್ಕೆ. ಶನಿವಾರ ಭಾನುವಾರ ಬಿಟ್ಟು ಏಳು ಕೆಲಸದ ದಿನ ಎಣಿಸಿದರೆ ಡಿಸೆಂಬರ್ 2. ಅದಕ್ಕೆ ಕೊರಿಯರಿನ ಏಳು ದಿನ ಕೂಡಿಸಿದರೆ ಡಿಸೆಂಬರ್ 9. ಹಳ್ಳಿಗೆ ಅಂದರೆ ಇನ್ನೊಂದೆರಡು ದಿನ. ಹನ್ನೊಂದಕ್ಕೆ ಬಂತು ಅನ್ನಿ. ಹದಿನಾಲ್ಕಕ್ಕೆ ಮೂರು ದಿನ ಉಳಿಯಿತು. ಅವರು ಎಲ್ಲವನ್ನೂ ಹೇಳಿದ ಹಾಗೇ ಮಾಡಿದರೂ ಉಳಿಯುವುದು ಇಷ್ಟೇ. ಫ್ರೇಮಿನ ಮೂಲೆ ಮುರಿದು ಬಂದರೆ ಮತ್ತೊಂದು ಮಾಡಿಸಿ ತರಿಸಲು ಸಂಕ್ರಾಂತಿ ಹತ್ತಿರ ಬಂದಿರುತ್ತದೆ.

ಇನ್ನು 4.2 ಸ್ಟಾರಿನದ್ದು. ದೊಡ್ಡ ಮಾರಾಟದ ಆ್ಯಪ್‌ನಲ್ಲಿ ಒಬ್ಬ ಮಾರಾಟಗಾರ ಇಟ್ಟಿರುವುದು. ಅಲ್ಲಿ ‘ಡಿಸೆಂಬರ್ 1ರಿಂದ 4’ ಅಂತ ತಾರೀಖು ತೋರಿಸುತ್ತಿದೆ. ಇದು ವಾಸಿ, ಯಾಕೆಂದರೆ ಇದು ಮನೆ ಮುಟ್ಟುವ ತಾರೀಖು. ಆದರೆ ಒಂದು ಮಾತು. ಆ ತಾರೀಖು ಬರುವುದು ಆ್ಯಪ್‌ನಲ್ಲಿ ಈಗ ಯಾವ ಪಿನ್ ಕೋಡ್ ಕೂತಿದೆಯೋ ಅದಕ್ಕೆ. ನಿಮ್ಮ ಫೋನಿನಲ್ಲಿ ನಿಮ್ಮ ದಾವಣಗೆರೆ ಮನೆ ಪಿನ್ ಇರುತ್ತದೆ. ಜಗಳೂರಿನ 577528 ಹಾಕಿ ಮತ್ತೆ ನೋಡಿ. ನಾನು ಹಾಕಿ ನೋಡಿದಾಗ 3ರಿಂದ 8 ಅಂತ ಬಂತು. ಎರಡು ತಾರೀಖು ಕೊಟ್ಟಾಗ ನೀವು ಓದಬೇಕಾದ್ದು ಎರಡನೆಯದನ್ನು. ಮೊದಲನೆಯದು ಆಸೆ ಹುಟ್ಟಿಸಲು ಇಟ್ಟಿದ್ದು ಅಂತಲೇ ತಿಳಿಯಿರಿ.

ನೇರವಾಗಿ ಹಳ್ಳಿಗೆ ಕಳಿಸುವ ಆಸೆಯನ್ನು ಬಿಟ್ಟುಬಿಡಿ. ಪೋಸ್ಟ್ ಆದರೆ ಹಳ್ಳಿಯ ಅಂಚೆ ಕಚೇರಿವರೆಗೂ ಹೋಗುತ್ತದೆ. ಖಾಸಗಿ ಕೊರಿಯರಿನ ಹುಡುಗ ಎಷ್ಟೋ ಸಲ ಜಗಳೂರಿನಿಂದ ಫೋನ್ ಮಾಡುತ್ತಾನೆ, ‘ಸಾರ್, ಬಸ್ ಸ್ಟ್ಯಾಂಡ್ ಹತ್ರ ಬಂದು ತಗೊಂಡ್ ಹೋಗ್ರಿ’ ಅಂತ. ಗೊತ್ತಿಲ್ಲದ ನಂಬರ್ ಅಂತ ನಿಮ್ಮ ತಂದೆ ಫೋನ್ ಎತ್ತದಿದ್ದರೆ ‘ಗ್ರಾಹಕರು ಸಿಗಲಿಲ್ಲ’ ಅಂತ ಬರೆದು ಪಾರ್ಸೆಲ್ ವಾಪಸ್ ಹೊರಡುತ್ತದೆ. ಎತ್ತಿದರೆ ‘ಮಗಳು ಏನೋ ಕಳಿಸಿದ್ದಾಳೆ’ ಅನ್ನೋದು ಅವತ್ತೇ ಗೊತ್ತಾಗಿಹೋಗುತ್ತದೆ. ಮಾಲು ಕೆಟ್ಟಿದ್ದರೆ ವಾಪಸ್ ಕೊಡುವ ಜವಾಬ್ದಾರಿಯೂ ಅವರ ತಲೆಗೆ. ಆ ಪಿನ್ ಕೋಡಿಗೆ ತಂದುಕೊಡುವ ಎಷ್ಟೋ ಮಂದಿ ಅಲ್ಲಿಂದ ವಾಪಸ್ ಎತ್ತಿಕೊಂಡು ಹೋಗಲು ಬರುವುದಿಲ್ಲ. ‘ನೀವೇ ಪ್ಯಾಕ್ ಮಾಡಿ ಕೊರಿಯರ್ ಮಾಡಿ’ ಅನ್ನುತ್ತಾರೆ. ವಿದ್ಯಾನಗರದ ಮನೆಗೇ ತರಿಸಿಕೊಳ್ಳಿ. ಹಳ್ಳಿಗೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗಿ.

ಹಾಗಾದರೆ ಬೇಗ ತರಿಸಿ ಬೀರುವಿನಲ್ಲಿ ಇಟ್ಟರೆ ಆಯಿತಲ್ಲ ಅನ್ನಬಹುದು. ಗಿಫ್ಟ್ ತರಿಸುವವರು ಜಾಸ್ತಿ ಏಟು ತಿನ್ನುವುದು ಇಲ್ಲೇ. ನಾನೂ ತಿಂದಿದ್ದೇನೆ. ಚಿತ್ರದುರ್ಗದ ಸ್ನೇಹಿತನ ಗೃಹಪ್ರವೇಶಕ್ಕೆ ಹಿತ್ತಾಳೆಯ ಎರಡು ದೀಪದ ಕಂಬ ತರಿಸಿದೆ. ಚೆಂದದ ಗಿಫ್ಟ್ ಪೇಪರ್ ಸುತ್ತಿ ಬಂದಿತ್ತು. ಬಿಚ್ಚಿದರೆ ಪೇಪರ್ ಹಾಳು ಅಂತ ಹನ್ನೆರಡು ದಿನ ಹಾಗೇ ಇಟ್ಟಿದ್ದೆ. ಅವರ ಮನೆಯಲ್ಲಿ ಎಲ್ಲರ ಎದುರು ಬಿಚ್ಚಿದಾಗ ಒಂದು ಕಂಬದ ತಟ್ಟೆ ಸೊಟ್ಟಗಾಗಿತ್ತು. ಬತ್ತಿ ಇಟ್ಟರೆ ಎಣ್ಣೆ ಒಂದೇ ಕಡೆ ಹರಿಯುತ್ತಿತ್ತು. ವಾಪಸ್ ಅವಧಿ ಏಳು ದಿನ. ಮುಗಿದು ಐದು ದಿನವಾಗಿತ್ತು. ನಾನೇ ಮಾರುವವನಾಗಿದ್ದೂ ಇದು ಹೊಳೆದಿರಲಿಲ್ಲ, ನೋಡಿ.

ವಾಪಸ್ ಕೊಡುವ ಗಡಿಯಾರ ಪಾರ್ಸೆಲ್ ನಿಮ್ಮ ಮನೆ ಮುಟ್ಟಿದ ದಿನ ಓಡಲು ಶುರು ಮಾಡುತ್ತದೆ. ಗಿಫ್ಟ್ ಬಿಚ್ಚುವ ದಿನ ಅಲ್ಲ. 4.2 ಸ್ಟಾರಿನವರ ಏಳು ದಿನವನ್ನೇ ತೆಗೆದುಕೊಳ್ಳಿ. ಡಿಸೆಂಬರ್ 4ಕ್ಕೆ ಬಂದರೆ 11ಕ್ಕೆ ಮುಗಿಯುತ್ತದೆ. 14ಕ್ಕೆ ಅಮ್ಮ ಬಿಚ್ಚಿ ನೋಡುವ ಹೊತ್ತಿಗೆ ನಿಮಗೆ ಉಳಿಯುವುದು ಬರೀ ಬೇಜಾರು. ಅದಕ್ಕೇ ಯಾವ ಗಿಫ್ಟೇ ಆಗಲಿ, ಬಂದ ದಿನವೇ ನೀವೇ ಬಿಚ್ಚಿ ನೋಡಿ. ಗಿಫ್ಟ್ ಪೇಪರಿಗೆ ದುಡ್ಡು ಕೊಡಬೇಡಿ, ಹತ್ತು ರೂಪಾಯಿಗೆ ಮಂಡಿಪೇಟೆಯಲ್ಲಿ ಸಿಗುತ್ತದೆ.

ವಾಪಸ್ ಷರತ್ತಿನ ಮಾತು ಬಂತಲ್ಲ, ಅದನ್ನೇ ಮುಗಿಸೋಣ. ಎಷ್ಟು ದಿನ ಅನ್ನುವುದಕ್ಕಿಂತ ಏನು ಸಿಗುತ್ತದೆ ಅನ್ನುವುದನ್ನು ಓದಿ. ‘7 days replacement’ ಅಂದರೆ ಏಳು ದಿನದೊಳಗೆ ಹೇಳಿದರೆ ಅದೇ ಮಾಲು ಇನ್ನೊಂದು ಕೊಡುತ್ತಾರೆ. ದುಡ್ಡು ವಾಪಸ್ ಅಂತ ಅಲ್ಲ. ತಯಾರಿದ್ದ ಮಾಲಿಗೆ ಇದು ಪರವಾಗಿಲ್ಲ. ಹೇಳಿ ಮಾಡಿಸುವ ಮಾಲಿಗೆ ಅದು ಮತ್ತೆ ಹತ್ತು ಹದಿನಾಲ್ಕು ದಿನದ ಕಥೆ. ನಿಮ್ಮ ಅಪ್ಪ-ಅಮ್ಮನ ಫೋಟೋ ಇರುವ ಫ್ರೇಮ್ ಡಿಸೆಂಬರ್ 20ಕ್ಕೆ ಬಂದರೆ ಏನು ಪ್ರಯೋಜನ? ಹಾಗಾಗಿ ತಾರೀಖಿನ ಗಿಫ್ಟಿಗೆ ‘replacement’ ಅನ್ನುವುದನ್ನು ಹೆಚ್ಚುಕಡಿಮೆ ‘ವಾಪಸ್ ಇಲ್ಲ’ ಅಂತಲೇ ಓದಬೇಕು. 4.6ರ ಅಂಗಡಿಯವರದ್ದು ಇನ್ನೂ ಬಿಗಿ. ಹೆಸರು ಬರೆದ ಮಾಲು ವಾಪಸ್ ಇಲ್ಲ. ಒಡೆದು ಬಂದರೆ 24 ಗಂಟೆಯೊಳಗೆ ಬಿಚ್ಚುವ ವಿಡಿಯೋ ಕಳಿಸಬೇಕು. ಅದನ್ನು ಅವರು ಒಪ್ಪಿದರೂ ಕೊಡುವುದು ಅವರದೇ ಅಂಗಡಿಯ ಕೂಪನ್. 1,800 ರೂಪಾಯಿಗೆ ಅವರ ಅಂಗಡಿಯಲ್ಲೇ ಮತ್ತೆ ಏನಾದರೂ ತಗೊಳ್ಳಬೇಕು!

‘ವಾಪಸ್ ಇಲ್ಲ’ ಅಂತ ಬರೆದುಬಿಟ್ಟರೆ ಮುಗಿಯಿತಾ? ಇಲ್ಲ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಮಾಲು ಕೆಟ್ಟಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ತೋರಿಸಿದ ಹಾಗೆ ಅಥವಾ ಮಾತಾಡಿಕೊಂಡ ಹಾಗೆ ಇಲ್ಲದಿದ್ದರೆ, ಇಲ್ಲವೇ ಹೇಳಿದ ತಾರೀಖಿಗಿಂತ ತಡವಾಗಿ ಬಂದರೆ, ಮಾರಾಟಗಾರ ಅದನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ಅವನಿಗೆ ವಿನಾಯಿತಿ. ಹೋದ ವರ್ಷ ನೀವು ಹೆಸರನ್ನು ಸರಿಯಾಗಿ ಬರೆದುಕೊಟ್ಟಿದ್ದು, ಅವರು ಒತ್ತು ತಪ್ಪಿಸಿದ್ದರೆ, ‘ಹೆಸರು ಬರೆದ ಮಾಲು ವಾಪಸ್ ಇಲ್ಲ’ ಅನ್ನುವ ಮಾತು ನಿಲ್ಲುತ್ತಿರಲಿಲ್ಲ. ನೀವೇ ತಪ್ಪಾಗಿ ಟೈಪ್ ಮಾಡಿದ್ದರೆ, ಅಥವಾ ಬಂದ ಮೇಲೆ ಬಣ್ಣ ಯಾಕೋ ಹಿಡಿಸಲಿಲ್ಲ ಅಂದರೆ, ಆಗ ಮಾತ್ರ ಅವರ ಷರತ್ತೇ ಕೊನೆ.

ತಡವಾಗಿದ್ದಕ್ಕೆ ಜಗಳ ಮಾಡಬೇಕಾದರೆ ‘ಹೇಳಿದ ತಾರೀಖು’ ಯಾವುದು ಅನ್ನುವುದಕ್ಕೆ ನಿಮ್ಮ ಹತ್ತಿರ ಸಾಕ್ಷಿ ಇರಬೇಕು. ಆರ್ಡರ್ ಪುಟದಲ್ಲಿ ತಾರೀಖು ಸದ್ದಿಲ್ಲದೆ ಬದಲಾಗುತ್ತದೆ. ಡಿಸೆಂಬರ್ 4 ಇದ್ದದ್ದು ಒಂದು ಬೆಳಿಗ್ಗೆ 9 ಆಗಿರುತ್ತದೆ. ಆಮೇಲೆ ನೋಡಿದರೆ 4 ಅನ್ನುವುದು ಎಲ್ಲೂ ಇರುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಆರ್ಡರ್ ಆದಾಗ ಬರುವ ಮೆಸೇಜನ್ನು ಅಳಿಸಬೇಡಿ. ‘estimated’ ಅಂತ ಬರೆದಿದ್ದರೆ ಅದು ಅಂದಾಜು ಅಂತ ಅವರು ಜಾರಿಕೊಳ್ಳುತ್ತಾರೆ. ಅದಕ್ಕೆ ಚಾಟ್‌ನಲ್ಲಿ ಒಂದು ಸಾಲು ಕೇಳಿ: ‘14ಕ್ಕೆ ಕಾರ್ಯಕ್ರಮ ಇದೆ, 8ರೊಳಗೆ ಮನೆಗೆ ಬರುತ್ತಾ?’ ಹೌದು ಅಂದರೆ ಅದು ಬರಹದಲ್ಲಿ ಕೊಟ್ಟ ಮಾತು. ‘ಪ್ರಯತ್ನ ಪಡ್ತೀವಿ’ ಅಂದರೆ ಉತ್ತರ ಸಿಕ್ಕಿತು ಅಲ್ವಾ? ಬೇರೆ ಅಂಗಡಿ ನೋಡಿ.

ಈಗ ಸ್ಟಾರ್‌ಗಳ ವಿಷಯ. ನಿಮ್ಮ ಪ್ರಶ್ನೆ ಶುರುವಾಗಿದ್ದೇ ಅಲ್ಲಿಂದ.

4.6 ಇರುವ ಅಂಗಡಿಯ ರಿವ್ಯೂಗಳೆಲ್ಲ ಅವರದೇ ವೆಬ್‌ಸೈಟಿನಲ್ಲಿ ಇವೆ. ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಒಂದೇ ಒಂದು ಎರಡು ಸ್ಟಾರ್ ರಿವ್ಯೂ ಹುಡುಕಿದೆ, ಸಿಗಲಿಲ್ಲ. ಮುನ್ನೂರು ಜನಕ್ಕೆ ಮರದ ಮಾಲು ಕೊರಿಯರ್ ಮಾಡಿ ಒಬ್ಬರದ್ದೂ ಮೂಲೆ ಮುರಿಯಲಿಲ್ಲ ಅಂದರೆ ನಾನು ನಂಬುವುದಿಲ್ಲ. ನನ್ನ ಕೈಯಲ್ಲಿ ಅದು ಆಗಿಲ್ಲ. ಮಾಲಿನ ಗುಣಮಟ್ಟಕ್ಕೆ ಮಾನದಂಡ ಹಾಕುವ ಸರ್ಕಾರಿ ಸಂಸ್ಥೆ ಬಿಐಎಸ್ 2022ರಲ್ಲಿ ಆನ್‌ಲೈನ್ ರಿವ್ಯೂಗಳಿಗಂತಲೇ ಐಎಸ್ 19000 ಅನ್ನುವ ಮಾನದಂಡ ತಂದಿತು. ಆದರೆ ಪಾಲಿಸುವುದು ಬಿಡುವುದು ಅವರವರಿಗೆ ಬಿಟ್ಟದ್ದು ಅಂತಲೇ ತಂದದ್ದು. ಹಾಗಾಗಿ ಅಂಗಡಿಯ ಸ್ವಂತ ಸೈಟಿನ ಸ್ಟಾರ್‌ಗಳನ್ನು ಸುಮ್ನೆ ಅಲಂಕಾರ ಅಂತ ಪಕ್ಕಕ್ಕಿಡಿ. ಅದರ ಬದಲು ಅಂಗಡಿಯ ಹೆಸರು, ಪೂರ್ತಿ ವಿಳಾಸ, ದೂರು ಅಧಿಕಾರಿಯ ಹೆಸರು ಮತ್ತು ನಂಬರ್ ಪುಟದಲ್ಲಿ ಇದೆಯಾ ನೋಡಿ. ಆಗಲೇ ಹೇಳಿದ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದು ಇರಬೇಕು. ಬರೀ ಒಂದು ವಾಟ್ಸ್ಯಾಪ್ ನಂಬರ್ ಇದ್ದು, ಯಾರದೋ ಸ್ವಂತ ಹೆಸರಿನ ಯುಪಿಐಗೆ ದುಡ್ಡು ಹಾಕಿ ಅಂದರೆ, ಷರತ್ತು ಓದುವ ಶ್ರಮವೂ ಬೇಡ.

ದೊಡ್ಡ ಆ್ಯಪ್‌ನಲ್ಲಿರುವ 4.2ಕ್ಕೆ ಬರೋಣ. ಅಲ್ಲಿ ಕೆಟ್ಟ ರಿವ್ಯೂಗಳೂ ಇವೆ, ಅದೇ ಒಳ್ಳೆಯ ಲಕ್ಷಣ. ಆದರೆ ಸರಾಸರಿ ಅನ್ನುವುದು ತುಂಬಾ ನಿಧಾನದ ಪ್ರಾಣಿ. ಒಂದು ಲೆಕ್ಕ ಹೇಳುತ್ತೇನೆ. ಸಾವಿರ ಜನ ಸರಾಸರಿ 4.5 ಕೊಟ್ಟಿದ್ದಾರೆ. ಆಮೇಲೆ ಅಂಗಡಿಯವನು ಕೆಲಸದವರನ್ನು ಬದಲಾಯಿಸಿದ, ಮರದ ಬದಲು ಒತ್ತಿದ ಪುಡಿಹಲಗೆ ಹಾಕಿದ. ಹೊಸದಾಗಿ ಬಂದ 50 ಜನ ಬೈದು ಎರಡೆರಡೇ ಸ್ಟಾರ್ ಕೊಟ್ಟರು. ಈಗ ಸರಾಸರಿ ಎಷ್ಟು? 4.38. ಪರದೆ ಮೇಲೆ 4.4 ಅಂತ ಕಾಣುತ್ತದೆ. 50 ಜನಕ್ಕೆ ಮೋಸವಾಗಿದೆ, ಅಂಕಿ ಮಾತ್ರ ಕೂದಲೆಳೆಯಷ್ಟು ಅಲ್ಲಾಡಿದೆ. ನಿಮ್ಮ ಹೋದ ವರ್ಷದ 4.4 ಕೂಡ ಇಂಥದ್ದೇ ಇದ್ದಿರಬಹುದು.

ಅದಕ್ಕೆ ರಿವ್ಯೂ ಪಟ್ಟಿಯನ್ನು ‘Most recent’ಗೆ ತಿರುಗಿಸಿ, ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ. ನಿಮ್ಮ ಫ್ರೇಮಿಗೆ ನಾನು ಹಾಗೆ ಓದಿದ್ದು ಇತ್ತೀಚಿನ 30. ಅದರಲ್ಲಿ 7 ಜನ ಪ್ಯಾಕಿಂಗ್ ಬಗ್ಗೆ ಬೈದಿದ್ದಾರೆ. ಐದು ಜನ ಫೋಟೋ ಹಾಕಿದ್ದಾರೆ. ಆ ಐದರಲ್ಲೂ ಒಡೆದಿರುವುದು ಒಂದೇ ಜಾಗ: ಕೆಳಗಿನ ಬಲ ಮೂಲೆ. ಇದು ಕೊರಿಯರಿನವನು ಎಸೆದದ್ದರಿಂದ ಆಗುವ ಪೆಟ್ಟಲ್ಲ. ಎಸೆದರೆ ಒಂದೊಂದು ಡಬ್ಬದಲ್ಲಿ ಒಂದೊಂದು ಕಡೆ ಒಡೆಯುತ್ತದೆ. ಒಂದೇ ಮೂಲೆ ಪದೇ ಪದೇ ಹೋಗುತ್ತಿದೆ ಅಂದರೆ ಡಬ್ಬದೊಳಗೆ ಫ್ರೇಮ್ ಒಂದು ಕಡೆ ವಾಲಿ ನಿಲ್ಲುತ್ತಿದೆ, ಆ ಮೂಲೆಗೆ ಮೆತ್ತೆ ಇಲ್ಲ. ರಟ್ಟಿನ ಡಬ್ಬದ ಗೋಡೆಗೂ ಮಾಲಿಗೂ ಮಧ್ಯೆ ಎಲ್ಲ ಕಡೆ ಎರಡು ಬೆರಳಿನಷ್ಟು ಮೆತ್ತೆ ಬೇಕು. ಪ್ಯಾಕ್ ಮಾಡಿ ಅಲ್ಲಾಡಿಸಿದರೆ ಒಳಗೆ ಸದ್ದು ಬರಬಾರದು. ನಮ್ಮ ಅಂಗಡಿಯಲ್ಲಿ ಹುಡುಗರಿಗೆ ನಾನು ಹೇಳಿಕೊಟ್ಟಿದ್ದು ಇಷ್ಟೇ. ಈ ಮಾರಾಟಗಾರ ಅದನ್ನು ಮೂರು ತಿಂಗಳಿಂದ ಸರಿ ಮಾಡಿಲ್ಲ. ಫ್ರೇಮ್ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಪ್ಯಾಕಿಂಗ್ ಮಾತ್ರ ದರಿದ್ರ.

ಐದು ಸ್ಟಾರಿನ ರಿವ್ಯೂಗಳನ್ನು ಬಿಟ್ಟು ಮೂರು ಸ್ಟಾರಿನವನ್ನು ಓದಿ. ಮೂರು ಕೊಡುವವನಿಗೆ ಕೋಪವೂ ಇಲ್ಲ, ಆಸೆಯೂ ಇಲ್ಲ. ‘ಫ್ರೇಮ್ ಸರಿ ಇದೆ, ಫೋಟೋ ಸ್ವಲ್ಪ ಹಳದಿ ಬಂದಿದೆ, ಹೇಳಿದ್ದಕ್ಕಿಂತ ಮೂರು ದಿನ ತಡ’ ಅಂತ ಬರೆಯುವವನು ಅವನೇ. ಐದು ಸ್ಟಾರ್ ಹೇಗೆ ಬರುತ್ತವೆ ಅಂತ ನನಗೆ ಗೊತ್ತು. ಮೊದಲ ವರ್ಷ ನಾನೇ ಡಬ್ಬದೊಳಗೆ ಒಂದು ಚೀಟಿ ಇಡುತ್ತಿದ್ದೆ: ‘ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, 50 ರೂಪಾಯಿ ಕಳಿಸುತ್ತೇವೆ.’ ಎಲ್ಲರೂ ಇಡುತ್ತಿದ್ದರು, ನಾನೂ ಇಟ್ಟೆ. ಒಬ್ಬ ಅಜ್ಜಿ ಫೋನ್ ಮಾಡಿ, ‘ತಮ್ಮಾ, ಗೊಂಬೆ ಕಾಲು ಮುರದೈತಿ, ಸ್ಟಾರ್ ಮೊದ್ಲು ಕೊಡ್ಲಾ, ಕಾಲು ಮೊದ್ಲು ಕೊಡ್ತೀಯಾ?’ ಅಂದರು. ಚೀಟಿ ಅವತ್ತಿಗೆ ನಿಂತಿತು. ಹೀಗೆ ಕೊಂಡ ರಿವ್ಯೂಗಳಿಗೆ ಒಂದು ಗುರುತಿದೆ. ಒಂದೆರಡು ವಾರದೊಳಗೆ ಒಟ್ಟಿಗೆ ಬಂದಿರುತ್ತವೆ. ‘ಸೂಪರ್, ತುಂಬಾ ಚೆನ್ನಾಗಿದೆ, ಫಾಸ್ಟ್ ಡೆಲಿವರಿ’ ಅಂತ ಇರುತ್ತದೆಯೇ ಹೊರತು ಮಾಲಿನ ಬಗ್ಗೆ ಒಂದು ವಿವರ ಇರುವುದಿಲ್ಲ.

ಗಿಫ್ಟ್ ಮಾಲಿನ ಒಳ್ಳೆಯ ರಿವ್ಯೂಗಳಲ್ಲಿ ಇನ್ನೊಂದು ತೊಂದರೆ ಇದೆ. ಬರೆದವರು ಎಷ್ಟೋ ಸಲ ಮಾಲನ್ನು ಕಣ್ಣಿಂದ ನೋಡಿಯೇ ಇರುವುದಿಲ್ಲ. ಬೆಂಗಳೂರಿನಲ್ಲಿ ಕೂತು ಚಳ್ಳಕೆರೆಗೆ ಕಳಿಸಿರುತ್ತಾರೆ. ಅಲ್ಲಿಂದ ಅತ್ತೆ ಫೋನ್ ಮಾಡಿ ‘ಚೆನ್ನಾಗೈತಪ್ಪ’ ಅಂದಿರುತ್ತಾರೆ. ಕೊಟ್ಟವರ ಮುಖಕ್ಕೆ ಯಾರು ಕೆಟ್ಟದ್ದು ಹೇಳುತ್ತಾರೆ? ಆ ‘ಚೆನ್ನಾಗೈತಪ್ಪ’ನೇ ಐದು ಸ್ಟಾರ್ ಆಗಿ ಬಂದು ಕೂತಿರುತ್ತದೆ. ಹಾಗಾಗಿ ಫೋಟೋ ಇರುವ ರಿವ್ಯೂಗೆ ಜಾಸ್ತಿ ಬೆಲೆ ಕೊಡಿ. ಅದು ಮಾಲನ್ನು ಕೈಯಲ್ಲಿ ಹಿಡಿದವರದ್ದು.

ಒಂದು ಸಣ್ಣ ಕೆಲಸ ಬಾಕಿ. ಮಾಲಿನ ಹೆಸರಿನ ಕೆಳಗೆ ‘Sold by’ ಅಂತ ಸಣ್ಣಗೆ ಇರುತ್ತದೆ. ಅದನ್ನು ಒತ್ತಿ. ಮಾಲಿಗೆ ಬಂದ ಸ್ಟಾರೇ ಬೇರೆ, ಮಾರುವವನಿಗೆ ಬಂದ ಸ್ಟಾರೇ ಬೇರೆ. ಒಂದೇ ಫ್ರೇಮನ್ನು ಮೂರು ಜನ ಮಾರುತ್ತಿರಬಹುದು. ತಡವಾಗುವುದು, ಒಡೆಯುವುದು ಗೊತ್ತಾಗುವುದು ಮಾರುವವನ ಪುಟದಲ್ಲಿ.

ಈಗ ನಿಮ್ಮ ಹೋದ ವರ್ಷದ ಒತ್ತಕ್ಷರ. ಇದು ಕನ್ನಡದವರಿಗೇ ಅಂಟಿದ ಕಾಟ. ದಿಲ್ಲಿಯಲ್ಲೋ ಜೈಪುರದಲ್ಲೋ ಕೂತ ಹುಡುಗ ನೀವು ಕಳಿಸಿದ ಕನ್ನಡವನ್ನು ಕಾಪಿ ಮಾಡಿ ತನ್ನ ಡಿಸೈನ್ ಸಾಫ್ಟ್‌ವೇರಿಗೆ ಹಾಕುತ್ತಾನೆ. ಅವನ ಫಾಂಟು ಅಥವಾ ಹಳೇ ಸಾಫ್ಟ್‌ವೇರು ಒತ್ತನ್ನು ಕೂಡಿಸದಿದ್ದರೆ ‘ಪ್ರೀತಿ’ ಅನ್ನುವುದು ‘ಪ್‌ರೀತಿ’ ಆಗುತ್ತದೆ. ‘ಅಪ್ಪ’ ಹೋಗಿ ‘ಅಪ್‌ಪ’ ಆಗುತ್ತದೆ. ಅವನಿಗೆ ಕನ್ನಡ ಬಾರದು, ಅದು ತಪ್ಪು ಅಂತ ಗೊತ್ತಾಗುವುದಿಲ್ಲ. ಲೇಸರ್ ಮಷಿನ್ ಅದನ್ನೇ ಮರದ ಮೇಲೆ ಸುಟ್ಟುಬಿಡುತ್ತದೆ. ಹೊರಗಿನವರಿಗೆ ಕನ್ನಡ ಬರೆಯಲು ಕೊಡುವುದಾದರೆ ಅಕ್ಷರವಾಗಿ ಕಳಿಸಬೇಡಿ, ಚಿತ್ರವಾಗಿ ಕಳಿಸಿ. ಕೆತ್ತುವ ಮುಂಚೆ ಡಿಸೈನಿನ ಫೋಟೋ ಕೇಳಿ, ಒತ್ತು, ದೀರ್ಘ ಎಲ್ಲ ನೋಡಿ ಒಪ್ಪಿ. ಆ ಫೋಟೋ ಕೊಡಲ್ಲ ಅನ್ನುವವರ ಹತ್ತಿರ ಕನ್ನಡ ಬರೆಸಬೇಡಿ. 4.2 ಸ್ಟಾರಿನವರ ಪುಟದಲ್ಲಿ ಡಿಸೈನ್ ತೋರಿಸುವ ಏರ್ಪಾಡೇ ಇಲ್ಲ. ಒಂದು ಖಾಲಿ ಡಬ್ಬಿಯಲ್ಲಿ ಹೆಸರು ಟೈಪ್ ಮಾಡಿ ಮುಂದೆ ಹೋಗಬೇಕು, ಅಷ್ಟೆ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿದ್ದರೆ ಕೆಲಸವನ್ನು ಎರಡು ಮಾಡುತ್ತಿದ್ದೆ. ಫ್ರೇಮ್ ಮಾತ್ರ ಆನ್‌ಲೈನಲ್ಲಿ, ಏನೂ ಬರೆಸದೆ ಖಾಲಿ ತರಿಸಿ. ಖಾಲಿ ಫ್ರೇಮಿಗೆ ತಯಾರಿಸುವ ದಿನ ಇಲ್ಲ, ನಾಲ್ಕೈದು ದಿನಕ್ಕೆ ಬರುತ್ತದೆ. ದುಡ್ಡು ವಾಪಸ್ ಕೊಡುವ ಷರತ್ತು ಇರುವುದನ್ನೇ ಆರಿಸಿ. ಬಂದ ದಿನ ಬಿಚ್ಚಿ ನೋಡಿ, ಮೂಲೆ ಸರಿ ಇದ್ದರೆ ಇಟ್ಟುಕೊಳ್ಳಿ. ಬರಹವನ್ನು ದಾವಣಗೆರೆಯಲ್ಲೇ ಮಾಡಿಸಿ. ಶೀಲ್ಡು, ಮೊಮೆಂಟೊ ಮಾಡುವ ಅಂಗಡಿಗಳಲ್ಲಿ ಲೇಸರ್ ಮಷಿನ್ ಇರುತ್ತದೆ. ಶಾಲೆ ವಾರ್ಷಿಕೋತ್ಸವದ ಕಾಲದಲ್ಲಿ ದಿನಕ್ಕೆ ನೂರಾರು ಕನ್ನಡ ಹೆಸರು ಬರೆಯುವವರು ಅವರು. ಒತ್ತು ತಪ್ಪಿದರೆ ಅವರ ಕಣ್ಣಿಗೇ ಹೊಡೆಯುತ್ತದೆ. ನೇರವಾಗಿ ಫ್ರೇಮಿನ ಮೇಲೆ ಕೆತ್ತಿಸಬೇಡಿ. ಒಂದು ಸಣ್ಣ ಹಿತ್ತಾಳೆ ಬಣ್ಣದ ತಗಡಿನ ಮೇಲೆ ಬರೆಸಿ ಫ್ರೇಮಿನ ಕೆಳಗೆ ಅಂಟಿಸಿಸಿ. ತಪ್ಪಾದರೆ ಹೋಗುವುದು ತಗಡು ಮಾತ್ರ. ಫೋಟೋ ಪ್ರಿಂಟ್ ಸ್ಟುಡಿಯೋದಲ್ಲಿ ಅರ್ಧ ಗಂಟೆಯ ಕೆಲಸ. 

ತಾರೀಖು ಹೀಗೆ ಇಟ್ಟುಕೊಳ್ಳಿ. ಫ್ರೇಮ್ 28ರೊಳಗೆ ಮನೆಗೆ ಬರಬೇಕು. ಕೆಟ್ಟಿದ್ದರೆ ಅವತ್ತೇ ವಾಪಸ್ ಹಾಕಿ, ಇನ್ನೊಂದು ಕಡೆ ಆರ್ಡರ್ ಮಾಡಿ. ಅದು ಡಿಸೆಂಬರ್ 5, 6ಕ್ಕೆ ಬಂದರೂ ಬರಹಕ್ಕೆ ಒಂದು ವಾರ ಉಳಿಯುತ್ತದೆ. ವಾಪಸ್ ಅವಧಿ ಮುಗಿಯುವ ಮುಂಚೆ ಫ್ರೇಮಿಗೆ ಏನನ್ನೂ ಅಂಟಿಸಬೇಡಿ ಅಂತ ಹೇಳುವುದಿಲ್ಲ, ಆದರೆ ಅಂಟಿಸಿದ ಮೇಲೆ ಅದು ನಿಮ್ಮದೇ.

ಪಾರ್ಸೆಲ್ ಬಂದಾಗ ಪಾರ್ಸೆಲ್ ಕೈಗೆ ಬರುವ ಮುಂಚೆ ಒಟಿಪಿ ಹೇಳಬೇಡಿ. ಡಬ್ಬ ಹರಿದಿದ್ದರೆ, ಬೇರೆ ಬಣ್ಣದ ಟೇಪು ಮೇಲೆ ಸುತ್ತಿದ್ದರೆ ತಗೊಳ್ಳದೆ ವಾಪಸ್ ಕಳಿಸುವುದೇ ಸುಲಭ. ಬಿಚ್ಚುವಾಗ ಮನೆಯಲ್ಲಿ ಯಾರಿಗಾದರೂ ಫೋನ್ ಹಿಡಿಯಲು ಹೇಳಿ. ವಿಡಿಯೋ ಮೊದಲು ವಿಳಾಸದ ಚೀಟಿಯನ್ನು ತೋರಿಸಬೇಕು, ಆಮೇಲೆ ಡಬ್ಬದ ಆರೂ ಮಗ್ಗುಲು, ಆಮೇಲೆ ಕತ್ತರಿ. ಮಧ್ಯೆ ನಿಲ್ಲಿಸಬಾರದು. ನಿಲ್ಲಿಸಿದರೆ ‘ಆಗ ನೀವೇ ಒಡೆದಿರಿ’ ಅನ್ನಲು ಜಾಗ ಕೊಟ್ಟ ಹಾಗೆ. ಡಬ್ಬವನ್ನೂ ಮೆತ್ತೆಯನ್ನೂ ವಾಪಸ್ ಅವಧಿ ಮುಗಿಯುವವರೆಗೆ ಎಸೆಯಬೇಡಿ. ವಾಪಸ್ ಒಯ್ಯಲು ಬಂದವನು ಮೊದಲು ಕೇಳುವುದೇ ಅದನ್ನು.

ಅಷ್ಟಾದರೂ ದುಡ್ಡು ಕೊಡಲ್ಲ ಅಂದರೆ ಆ್ಯಪ್‌ನ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯಲ್ಲಿ ದೂರು ಬಂದಿದೆ ಅಂತ ಅವರು ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅದೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. ಅಲ್ಲಿ ದೂರು ನಂಬರ್ ಬಿದ್ದ ಮೇಲೆ ಸುಮಾರು ಅಂಗಡಿಗಳ ದನಿ ಮೆತ್ತಗಾಗುವುದನ್ನು ನೋಡಿದ್ದೇನೆ. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾನೂನಿನ ಪ್ರಕಾರ ಮಾರಿದವನು ಯಾವ ಊರಲ್ಲಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ಮಾಲಿಗೆ ಶುಲ್ಕ ಇಲ್ಲ, ಎರಡು ವರ್ಷ ಸಮಯ ಇದೆ. ನಿಮ್ಮ ಹೋದ ವರ್ಷದ ದೀಪದ ಬಿಲ್ಲು, ಹೆಸರು ಕಳಿಸಿದ ಮೆಸೇಜು ಇನ್ನೂ ಫೋನಿನಲ್ಲಿದ್ದರೆ ಅದಕ್ಕೂ ಟೈಮ್ ಮುಗಿದಿಲ್ಲ. 1915ಕ್ಕೆ ಒಂದು ಫೋನ್ ಮಾಡಿ ನೋಡಿ.

ಇನ್ನು ಫ್ರೇಮನ್ನು ಜಗಳೂರು ಬಸ್ಸಿನಲ್ಲಿ ಒಯ್ಯುವಾಗ ಮೇಲಿನ ಕ್ಯಾರಿಯರ್‌ನಲ್ಲಿ ಮಲಗಿಸಬೇಡಿ. ಬಂದ ಡಬ್ಬದಲ್ಲೇ ಹಾಕಿ, ಕೆಳಗಿನ ಎರಡೂ ಮೂಲೆಗೆ ಒಂದೊಂದು ಹಳೇ ಟವೆಲ್ ಮಡಚಿ ಇಟ್ಟು, ತೊಡೆ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಹೋಗಿ.